ಎರಡು ಲೈನಿನ ನಡುವೆ ಅರಳದ ಮೊಗ್ಗು

ಸಿದ್ದಾಪುರದ ಕಡೆ ನಮ್ಮ ರೊಬಸ್ಟಾ ಕಾಫಿ ತೋಟ. ಒಂದು ಮಾರ್ಚಿನಲ್ಲಿ ಮೊಗ್ಗು ಅರಳಲೆಂದು ಸ್ಪ್ರಿಂಕ್ಲರ್ ಜೆಟ್‌ಗಳಿಂದ ಹೂವಿನ ನೀರು ಕೊಟ್ಟು ಹತ್ತು ದಿನಕ್ಕೆ ಹೋಗಿ ನೋಡಿದರೆ, ಪೈಪಿನ ಪಕ್ಕದ ಗಿಡಗಳೆಲ್ಲ ಬೆಳ್ಳಗೆ ಅರಳಿದ್ದವು. ಎರಡು ಲೈನಿನ ನಡುವೆ ಮಾತ್ರ ಉದ್ದಕ್ಕೆ ಹಸಿರು ಪಟ್ಟಿ. ಅಲ್ಲಿ ಮೊಗ್ಗು ಅರ್ಧಂಬರ್ಧ ಬಿರಿದು ನಿಂತಿತ್ತು.

‘ದೊಡ್ಡ ಜೆಟ್ ಹಾಕಿ ಅಣ್ಣ, ದೂರ ಹೊಡೆಯುತ್ತೆ’ ಎಂದ ಪಕ್ಕದ ತೋಟದ ಹುಡುಗ. ಸುಮ್ನೆ ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ನಾನು ಜೆಟ್ ಬದಲಿಸುವ ಮೊದಲು ಡಬ್ಬ ಇಟ್ಟು ನೋಡಿದೆ.

ನಮ್ಮ ಪೈಪು 20 ಅಡಿಯದು, ಅಂದರೆ 6 ಮೀಟರ್. ಲೈನಿನಲ್ಲಿ ಎರಡು ಪೈಪಿಗೊಂದು ಜೆಟ್, ಲೈನಿಂದ ಲೈನಿಗೆ ಮೂರು ಪೈಪಿನ ಅಂತರ. ಹಾಗಾಗಿ ಒಂದು ಜೆಟ್ಟಿನ ಪಾಲಿಗೆ 12 × 18, ಅಂದರೆ 216 ಚದರ ಮೀಟರ್. 5 ಮಿ.ಮೀ. ನಾಜಲ್, 3 ಕೆ.ಜಿ. ಒತ್ತಡದಲ್ಲಿ ಗಂಟೆಗೆ ಸುಮಾರು 1,600 ಲೀಟರ್ ಬಿಡುತ್ತದೆ. ಭಾಗಿಸಿದರೆ ಗಂಟೆಗೆ 7.4 ಮಿ.ಮೀ. ಮಳೆ. ನಾಲ್ಕು ಗಂಟೆ ಓಡಿಸಿದರೆ ಸುಮಾರು 30 ಮಿ.ಮೀ., ಹೂವಿಗೆ ಸಾಕು. ಕಾಗದದ ಮೇಲೆ ಎಲ್ಲ ಸರಿಯಾಗೇ ಇತ್ತು.

ನೇರ ಗೋಡೆಯ ಒಂದೇ ಅಳತೆಯ ಒಂಬತ್ತು ಡಬ್ಬಗಳನ್ನು, ಎಲೆ ಮರೆಯಾಗದ ಜಾಗ ನೋಡಿ, ನಾಲ್ಕು ಜೆಟ್‌ಗಳ ನಡುವೆ ಮೂರು ಸಾಲಾಗಿ ಇಟ್ಟೆ. ಗಂಟೆ ಕಳೆದ ಮೇಲೆ ಸ್ಕೇಲಿನಲ್ಲಿ ಅಳೆದದ್ದು ಇಷ್ಟು ಮಿ.ಮೀ.:

10, 8, 10
4, 3, 4
9, 8, 9

ಸರಾಸರಿ 7.2. ಲೆಕ್ಕಕ್ಕೆ ಹತ್ತಿರವೇ. ಆದರೆ ನಾಲ್ಕು ಗಂಟೆಯಲ್ಲಿ ಮೂಲೆಯ ಗಿಡಕ್ಕೆ 40 ಮಿ.ಮೀ. ಸಿಕ್ಕರೆ ನಡುವಿನದಕ್ಕೆ ಬರೀ 12! ಜೆ. ಇ. ಕ್ರಿಶ್ಚಿಯನ್ಸನ್ 1942ರಲ್ಲಿ ಕೊಟ್ಟ, ನೀರು ಎಷ್ಟು ಸಮನಾಗಿ ಬಿತ್ತು ಎಂದು ಅಳೆಯುವ ಸೂತ್ರಕ್ಕೆ ಹಾಕಿದರೆ ಇದು ಸುಮಾರು 67%. ಸಾಮಾನ್ಯವಾಗಿ 85% ಸಿಕ್ಕರೆ ಚೆನ್ನ ಎನ್ನುತ್ತಾರೆ.

ಕಾರಣ ಇಷ್ಟೇ. ಜೆಟ್ಟಿನ ಹತ್ತಿರ ನೀರು ಜಾಸ್ತಿ, ದೂರ ಹೋದಂತೆ ಕಡಿಮೆ. ಪಕ್ಕದ ಲೈನಿನ ನೀರು ಅದರ ಮೇಲೆ ಬಿದ್ದಾಗಲೇ ಕೊರತೆ ತುಂಬುವುದು. ನಮ್ಮ ಜೆಟ್ ನೆನೆಸುವ ವೃತ್ತದ ಅಗಲ ಸುಮಾರು 28 ಮೀಟರ್. ಅದರ 65% ಅಂತರ, ಅಂದರೆ 18 ಮೀಟರ್, ಗಾಳಿಯೇ ಇಲ್ಲದಾಗ ಮಾತ್ರ ನಡೆದೀತು. ನಾವು ಓಡಿಸಿದ್ದು ಮಧ್ಯಾಹ್ನದ ಗಾಳಿಯಲ್ಲಿ.

ಇನ್ನು ದೊಡ್ಡ ಜೆಟ್ ಯಾಕೆ ಬೇಡ? 5ರ ಬದಲು 6 ಮಿ.ಮೀ. ಹಾಕಿದರೆ ತೂತಿನ ಅಗಲ ಒಂದೇ ಮಿ.ಮೀ. ಹೆಚ್ಚಿದರೂ ವಿಸ್ತೀರ್ಣ 1.44 ಪಟ್ಟಾಗುತ್ತದೆ. ಅದೇ ಒತ್ತಡ ಉಳಿಯಬೇಕಾದರೆ ಅಷ್ಟೇ ಪಟ್ಟು ನೀರು ಬೇಕು. ನಮ್ಮ ಡೀಸೆಲ್ ಪಂಪಿಗೆ ಅದು ಆಗದು, ಒತ್ತಡ ಇಳಿಯುತ್ತದೆ. ಆಗ ನೀರು ಸರಿಯಾಗಿ ಒಡೆಯದೆ ದಪ್ಪ ಹನಿಯಾಗಿ ಅಂಚಿನಲ್ಲಿ ಬಳೆಯ ಹಾಗೆ ಬೀಳುತ್ತದೆ, ಒಳಗೆ ಒಣಗು. ಒತ್ತಡ ಅತಿಯಾದರೆ ಇದಕ್ಕೆ ತಿರುಗಾಮುರುಗಾ: ನೀರು ಮಂಜಾಗಿ ಜೆಟ್ಟಿನ ಬುಡದಲ್ಲೇ ಉದುರುತ್ತದೆ. ಹಳೇ ನಾಜಲ್ ಸವೆದರೂ ತೂತು ದೊಡ್ಡದಾಗುತ್ತದೆ. 5 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ ನೋಡಿ. ಸಡಿಲವಾಗಿ ಆಡಿದರೆ ಎಸೆಯಿರಿ.

ಮುಂದಿನ ವರ್ಷ ನಾಜಲ್ ಅದೇ ಇಟ್ಟು, ಲೈನನ್ನು 12 ಮೀಟರಿಗೆ ತಂದೆವು. ಗಂಟೆಗೆ 11 ಮಿ.ಮೀ. ಬಿತ್ತು, ಎರಡು ಮುಕ್ಕಾಲು ಗಂಟೆಗೆ ನೀರು ಸಾಕಾಯಿತು. ಪೈಪ್ ಎತ್ತಿಡುವ ಸರದಿ ಹೆಚ್ಚಾಗಿದ್ದಕ್ಕೆ ಆಳುಗಳು ಗೊಣಗಿದ್ದೂ ನಿಜ. ಗಾಳಿ ಏಳುವ ಮೊದಲು, ಬೆಳಗಿನ ಜಾವವೇ ಪಂಪ್ ಹಾಕಿದೆವು. ಹಸಿರು ಪಟ್ಟಿ ಕಾಣಲಿಲ್ಲ. ಒಂದು ಸಿಲ್ವರ್ ಓಕ್ ಮರದ ಹಿಂದೆ ಮಾತ್ರ ನಾಲ್ಕು ಗಿಡ ಬಿರಿಯದೆ ಉಳಿದವು. ಅದರ ಬೊಡ್ಡೆಗೆ ಜೆಟ್ ನೇರ ಹೊಡೆಯುತ್ತಿತ್ತು.