ಅಲ್ಲಿ ಆಡಿದ ಮಾತನ್ನು ಇಲ್ಲಿ ಕೇಳಿದರೆ

ತುಮಕೂರಿನಲ್ಲಿ ವಕೀಲರ, ಆಡಿಟರ್‌ಗಳ, ಮಂಡಿ ವರ್ತಕರ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಮೊದಲೆಲ್ಲ ಪ್ರಿಂಟರ್ ಕೆಟ್ಟರೆ, ನುಡಿಯ ಅಕ್ಷರ ಒಡೆದರೆ ಕರೆಯುತ್ತಿದ್ದರು. ಈಗ ಕರೆಯುವವರಲ್ಲಿ ಅನೇಕರ ದೂರು ಬೇರೆಯೇ. ಒಂದು ಚಾಟ್ ಆ್ಯಪಿನಲ್ಲಿ ಆಡಿದ ಮಾತನ್ನು ಇನ್ನೊಂದು ಆ್ಯಪಿನಲ್ಲಿ ಕೇಳಿ, ಅದು ಹೇಳಿದ್ದನ್ನು ನಂಬಿ, ಕೆಲಸ ಅರ್ಧ ಮುಗಿದ ಮೇಲೆ ಬರುತ್ತಾರೆ. ಎಷ್ಟು ಸಲ ಹೇಳಿದರೂ ಇದೊಂದು ವಿಷಯ ತಲೆಗೆ ಹೋಗುತ್ತಿಲ್ಲ. ಅದಕ್ಕೇ ಒಬ್ಬರ ಕಥೆಯನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ತಿಪಟೂರಿನಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಅವರ ಯಜಮಾನರು ಕಟ್ಟಿಸಿದ್ದ ಗೋಡೌನನ್ನು ಕೊಬ್ಬರಿ ವರ್ತಕರೊಬ್ಬರಿಗೆ ಬಾಡಿಗೆಗೆ ಕೊಡಬೇಕಿತ್ತು. ಬೆಂಗಳೂರಿನಿಂದ ಬಂದಿದ್ದ ಮಗನ ಲ್ಯಾಪ್‌ಟಾಪಿನಲ್ಲಿ, ಮಗನ ಅಕೌಂಟಿನಲ್ಲೇ, ಎರಡು ಸಂಜೆ ಕೂತು ಒಂದು ಚಾಟ್ ಆ್ಯಪಿನ ಜೊತೆ ಕರಾರಿನ ಷರತ್ತುಗಳನ್ನು ಒಂದೊಂದಾಗಿ ತಿದ್ದಿದ್ದರು. ಮಗ ಲ್ಯಾಪ್‌ಟಾಪ್ ತೆಗೆದುಕೊಂಡು ಬೆಂಗಳೂರಿಗೆ ವಾಪಸು ಹೋದ. ವಾರದ ನಂತರ ವರ್ತಕರು ಕರಾರು ಕೇಳಿದಾಗ ಟೀಚರ್ ತಮ್ಮ ಫೋನಿನಲ್ಲಿದ್ದ ಬೇರೊಂದು ಆ್ಯಪ್ ತೆರೆದು ಕೇಳಿದರು. ಗೋಡೌನಿನ ಬಾಡಿಗೆ ತಿಂಗಳಿಗೆ 18,000 ಎಂದು ಮೊನ್ನೆ ಮಾತಾಡಿದ್ದೆವಲ್ಲ, ಆ ಷರತ್ತುಗಳನ್ನೆಲ್ಲ ಮತ್ತೆ ಬರೆದುಕೊಡು ಅಂತ. ಅದು ಅಚ್ಚುಕಟ್ಟಾಗಿ ಬರೆದುಕೊಟ್ಟಿತು. ಟೈಪ್ ಮಾಡಿಸಿ, ಇ-ಸ್ಟಾಂಪ್ ಪೇಪರ್ ತೆಗೆಸುವ ಮುಂಚೆ ಪ್ರಿಂಟ್‌ಗೆಂದು ನಾನು ಕೆಲಸ ಮಾಡುತ್ತಿದ್ದ ಆಫೀಸಿಗೆ ಬಂದರು. ಎಲ್ಲಿಂದ ಬರೆಸಿದಿರಿ ಅಮ್ಮ ಎಂದು ಕೇಳಿದ್ದಕ್ಕೆ ಇಷ್ಟೂ ಹೇಳಿದರು. ಇದರಲ್ಲಿರುವುದು ನೀವು ಮಾತಾಡಿದ ಷರತ್ತುಗಳಲ್ಲ ಎಂದೆ. ಅವರಿಗೆ ಸಿಟ್ಟೇ ಬಂತು.

"ಅಲ್ಲಪ್ಪಾ, ಎಐಗೆ ತಾನೆ ನಾನು ಹೇಳಿದ್ದು? ಈಗ ಕೇಳಿದ್ದೂ ಎಐಗೇ ತಾನೆ? ಬಾಡಿಗೆ ಸರಿಯಾಗಿ ಹೇಳಿದೆ, ಹನ್ನೊಂದು ತಿಂಗಳು ಅನ್ನೋದೂ ಸರಿಯಾಗಿದೆ. ಗೊತ್ತಿಲ್ಲದೆ ಹೆಂಗೆ ಹೇಳುತ್ತೆ?"

ಬಾಡಿಗೆ ಸರಿಯಾಗಿ ಬಂದದ್ದು ಅವರೇ ಪ್ರಶ್ನೆಯಲ್ಲಿ ಬರೆದಿದ್ದರಿಂದ. ಹನ್ನೊಂದು ತಿಂಗಳು ಸರಿಯಾದದ್ದು, ನಮ್ಮಲ್ಲಿ ಬಹುಪಾಲು ಬಾಡಿಗೆ ಕರಾರುಗಳು ಹನ್ನೊಂದು ತಿಂಗಳಿಗೇ ಇರುವುದರಿಂದ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ಎಲ್ಲರೂ ಹಾಗೆ ಬರೆಸುತ್ತಾರೆ. ಫೋನಿನ ಆ್ಯಪಿಗೆ ಟೀಚರ್ ಮನೆಯ ಮಾತು ಗೊತ್ತಿರಲಿಲ್ಲ. ಸಾಮಾನ್ಯವಾಗಿ ಕರಾರು ಹೇಗಿರುತ್ತದೆ ಎಂಬುದು ಗೊತ್ತಿತ್ತು, ಅದನ್ನೇ ಬರೆಯಿತು. ಬಾಡಿಗೆ ಪ್ರತಿ ತಿಂಗಳು 5ನೇ ತಾರೀಖಿನೊಳಗೆ, ಏರಿಕೆ ಶೇ. 10, ಖಾಲಿ ಮಾಡಲು ಒಂದು ತಿಂಗಳ ನೋಟಿಸು, ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು. ಈ ನಾಲ್ಕು ಷರತ್ತುಗಳೂ ಊರಲ್ಲಿ ಯಾವ ಕರಾರಿನಲ್ಲಾದರೂ ಇರಬಹುದಾದ ಮಾತುಗಳೇ.

ಆದರೆ ಅವರು ನಿಜವಾಗಿ ಒಪ್ಪಿದ್ದು ಬೇರೆ. ಬಾಡಿಗೆ ಮೂರು ತಿಂಗಳದ್ದು ಒಟ್ಟಿಗೆ. ಏರಿಕೆ ಶೇ. 5. ಗೋಡೌನಿನ ತುಂಬ ಕೊಬ್ಬರಿ ಇರುವಾಗ ಒಂದೇ ತಿಂಗಳಲ್ಲಿ ಎತ್ತಿಕೊಂಡು ಹೋಗುವುದು ಕಷ್ಟವೆಂದು ನೋಟಿಸು ಮೂರು ತಿಂಗಳು. ತೇವ ತಗುಲಿದರೆ ಕೊಬ್ಬರಿಗೆ ಬೂಸಲು ಹಿಡಿಯುತ್ತದೆಂದು ಮಳೆಗಾಲಕ್ಕೆ ಮುಂಚೆ, ಮೇ 31ರೊಳಗೆ, ಚಾವಣಿಯ ರಿಪೇರಿ ಮಾಲೀಕರೇ ಮಾಡಿಸಬೇಕು. ಇದನ್ನು ಗಮನಿಸಿ. ಎಲ್ಲರಂತೆ ಇದ್ದ ಕಡೆ ಊಹೆ ಸರಿಹೋಯಿತು. ಇಬ್ಬರೂ ಕೂತು ಚೌಕಾಸಿ ಮಾಡಿ ಒಪ್ಪಿದ ಕಡೆಯೆಲ್ಲ ತಪ್ಪಿತು. ಕರಾರು ಬರೆಸುವುದೇ ಆ ಚೌಕಾಸಿಯ ಮಾತುಗಳಿಗಾಗಿ.

ಗೊತ್ತಾಗುವುದಿಲ್ಲ ಏಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀವು ಬರೆದು ಕಳಿಸುವ ಗುಂಡಿ ಒತ್ತಿದಾಗಲೆಲ್ಲ ಆ್ಯಪ್ ಒಂದು ಕೆಲಸ ಮಾಡುತ್ತದೆ. ಆ ಚಾಟಿನಲ್ಲಿ ಅಲ್ಲಿಯವರೆಗೆ ಆಡಿದ ಮಾತುಗಳನ್ನು ಒಟ್ಟುಗೂಡಿಸಿ, ಕೊನೆಗೆ ನಿಮ್ಮ ಹೊಸ ಪ್ರಶ್ನೆ ಸೇರಿಸಿ, ಉತ್ತರ ಬರೆಯುವ ಮಾಡೆಲ್‌ಗೆ ಕೊಡುತ್ತದೆ. ಮಾಡೆಲ್ ಆ ಬರಹವನ್ನು ಆಧಾರವಾಗಿ ಇಟ್ಟುಕೊಂಡು ಮುಂದಿನದನ್ನು ಬರೆಯುತ್ತದೆ. ಮುಂದಿನ ಪ್ರಶ್ನೆಗೆ ಮತ್ತೆ ಮೊದಲಿನಿಂದ ಅದೇ ಕೆಲಸ. ನಿನ್ನೆಯ ನಿಮ್ಮ ಮಾತು ಮಾಡೆಲ್‌ನ ಒಳಗೆ ಹೋಗಿ ಕೂತಿರುವುದಿಲ್ಲ. ಅದು ಇರುವುದು ಆ ಕಂಪನಿಯ ಸರ್ವರಿನಲ್ಲಿ, ನೀವು ಲಾಗಿನ್ ಆದ ಅಕೌಂಟಿನ ಹೆಸರಿನಲ್ಲಿ. ಚಾಟ್‌ಜಿಪಿಟಿಯದು ಓಪನ್‌ಎಐ ಬಳಿ, ಜೆಮಿನಿಯದು ಗೂಗಲ್ ಬಳಿ, ವಾಟ್ಸಾಪಿನೊಳಗಿನ ಮೆಟಾ ಎಐಯದು ಮೆಟಾ ಬಳಿ. ಒಬ್ಬರ ದಫ್ತರವನ್ನು ಇನ್ನೊಬ್ಬರು ತೆರೆಯುವ ದಾರಿಯಿಲ್ಲ.

ಒಳಗಿನ ಮಾಡೆಲ್ ಒಂದೇ ಕಂಪನಿಯದಾದರೂ ಇದು ಬದಲಾಗುವುದಿಲ್ಲ. ಮೈಕ್ರೋಸಾಫ್ಟ್‌ನ ಕೋಪೈಲಟ್ ಓಪನ್‌ಎಐ ಮಾಡೆಲ್‌ಗಳನ್ನು ಬಳಸುತ್ತದೆ. ಆದರೂ ಚಾಟ್‌ಜಿಪಿಟಿಯಲ್ಲಿ ನೀವು ಆಡಿದ್ದು ಕೋಪೈಲಟ್‌ಗೆ ಸಿಗುವುದಿಲ್ಲ. ಒಂದೇ ಅಡುಗೆಯವರು ಎರಡು ಮದುವೆಗೆ ಅಡುಗೆ ಮಾಡಿದರೂ ಮುಯ್ಯಿ ಬರೆದ ಪುಸ್ತಕ ಆಯಾ ಮನೆಯಲ್ಲೇ ಇರುತ್ತದಲ್ಲ, ಹಾಗೆ.

ಜನ ತಪ್ಪು ತಿಳಿಯುವುದಕ್ಕೆ ಕಾರಣವೂ ಇದೆ, ಅವರನ್ನು ದೂರಿ ಫಲವಿಲ್ಲ. ಫೋನ್‌ಪೇ ತೆರೆದರೂ ಗೂಗಲ್‌ಪೇ ತೆರೆದರೂ ನಮ್ಮ ಬ್ಯಾಂಕಿನ ಬ್ಯಾಲೆನ್ಸ್ ಒಂದೇ ಕಾಣುತ್ತದೆ. ಎಂಟತ್ತು ವರ್ಷದಿಂದ ಇದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಅಲ್ಲಿ ಹಾಗಾಗುವುದು ದುಡ್ಡು ಆ್ಯಪಿನಲ್ಲಿ ಇಲ್ಲದೆ ಬ್ಯಾಂಕಿನಲ್ಲಿರುವುದರಿಂದ, ಎಲ್ಲ ಬ್ಯಾಂಕುಗಳನ್ನೂ ಯುಪಿಐ ಎಂಬ ಒಂದು ವ್ಯವಸ್ಥೆ ಜೋಡಿಸಿರುವುದರಿಂದ. ಚಾಟ್ ಆ್ಯಪುಗಳ ಹಿಂದೆ ಅಂಥ ಬ್ಯಾಂಕೂ ಇಲ್ಲ, ಜೋಡಿಸುವ ತಂತಿಯೂ ಇಲ್ಲ. ಇನ್ನು ಕೆಲವರು ಎರಡು ಕಡೆಯೂ ಒಂದೇ ಜಿಮೇಲ್‌ನಿಂದ ಲಾಗಿನ್ ಆಗಿದ್ದೇನೆ ಎನ್ನುತ್ತಾರೆ. ಆ ಲಾಗಿನ್ ನೀವು ಯಾರೆಂದು ಬಾಗಿಲಲ್ಲಿ ಗುರುತು ಹೇಳುತ್ತದೆ ಅಷ್ಟೆ. ಒಳಗೆ ಆಡಿದ ಮಾತನ್ನು ಹೊತ್ತು ತರುವುದಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಈಗ ಹಲವು ಆ್ಯಪುಗಳಲ್ಲಿ ಹಳೆಯ ಮಾತನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ ಬಂದಿದೆ. ಚಾಟ್‌ಜಿಪಿಟಿಯಲ್ಲಿ 2024ರಲ್ಲಿ ಶುರುವಾಗಿ 2025ರಲ್ಲಿ ಇನ್ನಷ್ಟು ವಿಸ್ತಾರವಾಯಿತು. ಅದು ಕೂಡ ಅದೇ ಆ್ಯಪಿನ, ಅದೇ ಅಕೌಂಟಿನ, ಸೌಲಭ್ಯ ಆನ್ ಆಗಿರುವಾಗಿನ ಮಾತು. ಟೀಚರ್ ತಮ್ಮ ಫೋನಿನಲ್ಲಿ ಮಗ ಬಳಸಿದ ಆ್ಯಪನ್ನೇ ಹಾಕಿಕೊಂಡು ತಮ್ಮ ಹೆಸರಿನಲ್ಲಿ ಲಾಗಿನ್ ಆಗಿದ್ದರೂ ಷರತ್ತುಗಳು ಸಿಗುತ್ತಿರಲಿಲ್ಲ. ಬೇರೆ ಆ್ಯಪಿನ ನೆನಪುಗಳನ್ನು ತಂದು ಹಾಕಿಕೊಳ್ಳುವ ಅವಕಾಶವೂ ಕೆಲವು ಕಡೆ ಇದೆ, ಆದರೆ ನೀವು ಕೈಯಾರೆ ತಂದು ಹಾಕಿದರೆ ಮಾತ್ರ. ಹಾಗೆಯೇ, ಆ ಮಾತುಕತೆ ನನಗೆ ಕಾಣುವುದಿಲ್ಲ ಎಂದು ಈಗಿನ ಆ್ಯಪುಗಳು ಎಷ್ಟೋ ಸಲ ನೇರವಾಗಿ ತಿಳಿಸುತ್ತವೆ. ಆದರೆ ಮಾತಾಡಿದ್ದೆವಲ್ಲ ಎಂದು ನೀವೇ ಖಚಿತವಾಗಿ ಶುರುಮಾಡಿ, ಅರ್ಧ ವಿವರವನ್ನೂ ಕೊಟ್ಟುಬಿಟ್ಟರೆ, ಉಳಿದರ್ಧವನ್ನು ತುಂಬಿಬಿಡುವ ಸಂಭವ ಹೆಚ್ಚು.

ಟೀಚರ್ ಕಥೆಗೆ ಬರುತ್ತೇನೆ. ಮಗನಿಗೆ ಫೋನ್ ಮಾಡಿಸಿದೆ. ಅವನು ಆ ಚಾಟನ್ನು ತನ್ನ ಎಡಬದಿಯ ಪಟ್ಟಿಯಲ್ಲಿ ಹುಡುಕಿ ಶೇರ್ ಲಿಂಕ್ ಕಳಿಸಿದ. ನಾನು ಇನ್ನೊಂದು ಟೇಬಲ್ಲಿಗೆ ಹೋಗಿ ಬರುವಷ್ಟರಲ್ಲಿ ಟೀಚರ್ ಆ ಲಿಂಕನ್ನೇ ಫೋನಿನ ಆ್ಯಪಿಗೆ ಹಾಕಿ, ಇದರಲ್ಲಿರುವುದನ್ನು ಬರೆ ಎಂದು ಕೊಟ್ಟಿದ್ದರು. ಮತ್ತೊಂದು ಪಟ್ಟಿ ಸಿದ್ಧವಾಗಿತ್ತು. "ನೋಡಪ್ಪ, ಈಗ ಓದಿದೆ" ಎಂದರು.

ಓದಿದೆಯೋ ಇಲ್ಲವೋ ನೋಡಲು ನಾನು ಮಾಡುವ ಪರೀಕ್ಷೆ ಒಂದೇ. ಆ ಮಾತುಕತೆಯಲ್ಲಿ ಖಂಡಿತ ಬಂದಿರುವ, ಆದರೆ ಈಗಿನ ಪ್ರಶ್ನೆಯಿಂದ ಊಹಿಸಲಾಗದ ಒಂದು ಸಣ್ಣ ವಿವರ ಕೇಳಬೇಕು. ಟೀಚರಿಗೆ ಅಂಥದ್ದೇನಾದರೂ ನೆನಪಿದೆಯಾ ಎಂದೆ. ಗೋಡೌನಿನ ಪಕ್ಕದ ಮರದ ಎಲೆ ಉದುರಿ ಚಾವಣಿಯ ದೋಣಿ ಕಟ್ಟಿಕೊಳ್ಳುತ್ತದೆ, ಅದಕ್ಕೇ ನೀರು ಸೋರುತ್ತದೆ ಎಂದು ಬರೆದಿದ್ದರಂತೆ. ಯಾವ ಮರ ಎಂದು ಫೋನಿನ ಆ್ಯಪಿಗೆ ಕೇಳಿಸಿದೆ. ತೆಂಗಿನ ಮರ ಎಂದು ಬಂತು. ತಿಪಟೂರು, ಕೊಬ್ಬರಿ ಎಂದಮೇಲೆ ತೆಂಗಲ್ಲದೆ ಇನ್ನೇನು ಊಹಿಸುತ್ತದೆ? ಅವರ ಗೋಡೌನಿನ ಪಕ್ಕ ಇರುವುದು ಹಲಸಿನ ಮರ. ಟೀಚರ್ ಆಗ ಸುಮ್ಮನಾದರು. ನಾನು ಹತ್ತು ನಿಮಿಷ ವಿವರಿಸಿದ್ದಕ್ಕಿಂತ ಆ ಒಂದು ಮರ ಅವರಿಗೆ ಚೆನ್ನಾಗಿ ಅರ್ಥಮಾಡಿಸಿತು.

ಲಿಂಕ್ ಎಂದರೆ ವಿಳಾಸ. ಅದನ್ನು ಕೊಟ್ಟ ಮಾತ್ರಕ್ಕೆ ಆ್ಯಪ್ ಅಲ್ಲಿಗೆ ಹೋಗಿ ಓದಿತು ಎಂದಾಗುವುದಿಲ್ಲ. ಕೆಲವಕ್ಕೆ ಹೊರಗಿನ ಪುಟ ತೆರೆಯಲು ಬರುತ್ತದೆ, ಕೆಲವಕ್ಕೆ ಬರುವುದಿಲ್ಲ, ಬಂದರೂ ಎಲ್ಲ ಪುಟವೂ ತೆರೆಯುವುದಿಲ್ಲ. ಆದ್ದರಿಂದ ನಾವು ಲಿಂಕನ್ನು ಬ್ರೌಸರಿನಲ್ಲಿ ತೆರೆದು, ಬರಹವನ್ನು ಮೊದಲಿಂದ ಕೊನೆವರೆಗೆ ಕಾಪಿ ಮಾಡಿ ಫೋನಿನ ಆ್ಯಪಿಗೆ ಅಂಟಿಸಿದೆವು. ಈಗ ಮರದ ಪ್ರಶ್ನೆಗೆ ಹಲಸು ಬಂತು, ನೋಟಿಸು ಮೂರು ತಿಂಗಳೆಂದು ಬಂತು. ಮಾತುಕತೆ ತುಂಬ ಉದ್ದವಿದ್ದರೆ ಒಂದೇ ಸಲಕ್ಕೆ ಹಿಡಿಸದೆ ಒಂದಷ್ಟು ಬಿಟ್ಟುಹೋಗಬಹುದು. ಅದಕ್ಕೆ ಆರಂಭದ ಒಂದು ವಿವರವನ್ನೂ ಕೊನೆಯ ಒಂದನ್ನೂ ಕೇಳಿ ನೋಡುತ್ತೇನೆ. ಶೇರ್ ಲಿಂಕ್ ಸಿಕ್ಕವರೆಲ್ಲ ಅದನ್ನು ತೆರೆದು ಓದಬಹುದಾದ್ದರಿಂದ, ಕೆಲಸ ಮುಗಿದ ಮೇಲೆ ಮಗನಿಗೆ ಹೇಳಿ ಅಳಿಸಿ ಹಾಕಿಸಿದೆ. ವರ್ತಕರ ಆಧಾರ್ ನಂಬರ್ ಅದರಲ್ಲಿ ಇತ್ತು. ನೂರಾರು ಚಾಟ್ ಇರುವವರಿಗೆ ಚಾಟ್‌ಜಿಪಿಟಿಯ Settings ಒಳಗೆ Data controls, ಅದರಲ್ಲಿ Export data ಇದೆ. ಎಲ್ಲವೂ ಒಟ್ಟಿಗೆ ಬರುತ್ತದೆ, ಅದರಲ್ಲಿ `chat.html` ಎಂಬ ಫೈಲನ್ನು ಬ್ರೌಸರಿನಲ್ಲೇ ತೆರೆದು ಓದಬಹುದು.

ಕರಾರಿಗೆ ಸಹಿ ಹಾಕುವ ದಿನ ವರ್ತಕರು ಚಾವಣಿಯ ರಿಪೇರಿ ಮೇ 15ಕ್ಕೇ ಮುಗಿಯಲಿ ಎಂದರು, ಟೀಚರ್ ಒಪ್ಪಿ ಹಾಗೇ ಬರೆಸಿದರು. ಮನೆಗೆ ಹೊರಡುವಾಗ ನನ್ನನ್ನು ಕರೆದು, "ಹಂಗಾದ್ರೆ ಮಗನ ಲ್ಯಾಪ್‌ಟಾಪಲ್ಲಿ ಇನ್ನೂ 31 ಅಂತಲೇ ಇರುತ್ತೇನಪ್ಪ?" ಎಂದರು. ಹೌದಮ್ಮ, ಈಗಿನ ಕರಾರನ್ನು ಅವನು ಅಲ್ಲಿ ತಂದು ಅಂಟಿಸುವವರೆಗೂ 31 ಅಂತಲೇ ಇರುತ್ತದೆ ಎಂದೆ.