ಕೊಟ್ಟಿಗೆಯ ಮಾಡಿಗೂ ಮನೆಯ ಮಾಡಿಗೂ ಒಂದೇ ಸೈನ್ ಏಕೆ?

ಮಡಿಕೇರಿಯ ಆಸುಪಾಸಿನಲ್ಲಿ ಹೆಂಚಿನ ಮಾಡು ಕಟ್ಟುವ ಬಡಗಿಯೊಬ್ಬರು ಇಳಿಜಾರನ್ನು ಡಿಗ್ರಿಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ‘ಅಡಿಗೆ ಎಂಟಿಂಚು’ ಎನ್ನುತ್ತಾರೆ, ಅಷ್ಟೆ. ಅಡ್ಡಕ್ಕೆ ಒಂದು ಅಡಿ ಹೋದರೆ ಮೇಲಕ್ಕೆ ಎಂಟು ಇಂಚು ಏರಬೇಕು ಎಂಬುದು ಅದರ ಅರ್ಥ. ಕಟ್ಟುತ್ತಿರುವುದು ದನದ ಕೊಟ್ಟಿಗೆಯೋ ದೊಡ್ಡ ಮನೆಯೋ ಎಂಬುದನ್ನು ಆ ಮಾತು ಕೇಳುವುದೇ ಇಲ್ಲ. ಹತ್ತನೆಯ ತರಗತಿಯಲ್ಲಿ ತ್ರಿಕೋನಮಿತಿ ಶುರುವಾದಾಗ ನನ್ನ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಪ್ರತಿ ವರ್ಷ ಎತ್ತುವ ಸಂಶಯವೂ ಇದೇ: ತ್ರಿಭುಜ ದೊಡ್ಡದಾದರೆ ಬಾಹುಗಳು ದೊಡ್ಡದಾಗುತ್ತವೆ, ಹಾಗಿರುವಾಗ ಸೈನ್ ಮಾತ್ರ ಏಕೆ ಬೆಳೆಯುವುದಿಲ್ಲ?

‘ತ್ರಿಭುಜಗಳು ಸಮರೂಪವಾಗಿವೆ, ಆದ್ದರಿಂದ ಬಾಹುಗಳು ಸಮಾನುಪಾತದಲ್ಲಿವೆ’ ಎಂದು ನಾನೂ ಬಹಳ ವರ್ಷ ಉತ್ತರಿಸಿದ್ದೇನೆ. ಉತ್ತರ ಸರಿಯಾದದ್ದೇ. ಆದರೆ ಅದು ಪ್ರಶ್ನೆಯನ್ನು ಒಂದು ಮೆಟ್ಟಿಲು ಹಿಂದಕ್ಕೆ ತಳ್ಳುತ್ತದೆ. ಕೋನಗಳು ಸಮವಾದ ಮಾತ್ರಕ್ಕೆ ಬಾಹುಗಳೆಲ್ಲ ಒಂದೇ ಪಟ್ಟಿನಲ್ಲಿ ಏಕೆ ಬೆಳೆಯಬೇಕು ಎಂದು ಚುರುಕಿನ ಹುಡುಗಿಯೊಬ್ಬಳು ಮರುಪ್ರಶ್ನೆ ಹಾಕಿದರೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಆದ್ದರಿಂದ ಈಗ ನಾನು ಪಕ್ಕಾಸಿನ ಮೇಲೆ ಹತ್ತುವ ಇರುವೆಯಿಂದಲೇ ಆರಂಭಿಸುತ್ತೇನೆ.

ಗೋಡೆಯ ತಲೆಯಿಂದ ಮಾಡಿನ ನೆತ್ತಿಗೆ ಓರೆಯಾಗಿ ಇಟ್ಟ ಪಕ್ಕಾಸಿನ ಮೇಲೆ ಒಂದೊಂದು ಅಡಿಗೆ ಒಂದು ಗುರುತು ಹಾಕಿದ್ದೇವೆ ಎಂದುಕೊಳ್ಳಿ. ಪ್ರತಿ ಗುರುತಿನಿಂದ ಮುಂದಕ್ಕೆ ಒಂದು ಅಡ್ಡಗೆರೆಯನ್ನೂ, ಮುಂದಿನ ಗುರುತಿನಿಂದ ಆ ಅಡ್ಡಗೆರೆಗೆ ಒಂದು ಲಂಬಗೆರೆಯನ್ನೂ ಎಳೆದರೆ ಪಕ್ಕಾಸಿನ ಕೆಳಗೆ ಮೆಟ್ಟಿಲುಗಳ ಸಾಲೊಂದು ಮೂಡುತ್ತದೆ. ಪ್ರತಿ ಮೆಟ್ಟಿಲೂ ಒಂದು ಪುಟ್ಟ ಲಂಬಕೋನ ತ್ರಿಭುಜ. ಅದರ ವಿಕರ್ಣ ಒಂದು ಅಡಿ. ಅಡ್ಡಗೆರೆಗಳೆಲ್ಲ ಪರಸ್ಪರ ಸಮಾಂತರವಾಗಿರುವುದರಿಂದ ಪಕ್ಕಾಸು ಪ್ರತಿಯೊಂದರೊಡನೆಯೂ ಒಂದೇ ಕೋನ ಮಾಡುತ್ತದೆ, ಏಕೆಂದರೆ ಅವು ಅನುರೂಪ ಕೋನಗಳು. ಎರಡು ಕೋನಗಳೂ ಒಂದು ಬಾಹುವೂ ಸಮವಾದ ಮೇಲೆ ಈ ಪುಟ್ಟ ತ್ರಿಭುಜಗಳು ಬರಿಯ ಸಮರೂಪವಲ್ಲ, ಸರ್ವಸಮ. ಒಂದನ್ನು ಕತ್ತರಿಸಿ ಇನ್ನೊಂದರ ಮೇಲಿಟ್ಟರೆ ಅಂಚಿಗೆ ಅಂಚು ಕೂಡುತ್ತದೆ.

ಹೀಗಾಗಿ ಪ್ರತಿ ಹೆಜ್ಜೆಗೂ ಇರುವೆ ಒಂದೇ ಅಳತೆಯಷ್ಟು ಏರುತ್ತದೆ, ಒಂದೇ ಅಳತೆಯಷ್ಟು ಮುಂದೆ ಸಾಗುತ್ತದೆ. ಏರಿದ್ದನ್ನು p ಎಂದೂ ಸಾಗಿದ್ದನ್ನು q ಎಂದೂ ಕರೆಯೋಣ. n ಹೆಜ್ಜೆಗಳಾದ ಮೇಲೆ ಅಭಿಮುಖ ಬಾಹು np, ಪಾರ್ಶ್ವ ಬಾಹು nq, ವಿಕರ್ಣ n. ಸೈನ್ ಎಂದರೆ np/n, ಅಂದರೆ p. ಕೊಸೈನ್ nq/n, ಅಂದರೆ q. ಟ್ಯಾಂಜೆಂಟ್ np/nq, ಅಂದರೆ p/q. ಗಾತ್ರವನ್ನು ಹೊತ್ತಿದ್ದ n ಅಂಶದಲ್ಲಿಯೂ ಛೇದದಲ್ಲಿಯೂ ಒಂದೇ ಸಲ ಇರುವುದರಿಂದ ಹೊಡೆದುಹೋಗುತ್ತದೆ. ಉಳಿಯುವ p ಮತ್ತು q ಗಳನ್ನು ನಿರ್ಧರಿಸಿದ್ದು ಕೋನವೊಂದೇ.

ಪಕ್ಕಾಸಿನ ಉದ್ದ ಪೂರ್ಣ ಅಡಿಗಳಲ್ಲಿ ಇಲ್ಲದಿದ್ದರೆ ಹೆಜ್ಜೆಯನ್ನು ಚಿಕ್ಕದು ಮಾಡಿದರಾಯಿತು: 2.7 ಅಡಿ ಎಂದರೆ ಅಡಿಯ ಹತ್ತನೆಯ ಒಂದು ಭಾಗದ 27 ಹೆಜ್ಜೆಗಳು. √2 ರಂತಹ ಉದ್ದವನ್ನು ಹೀಗೆ ಸಮನಾಗಿ ಮುಗಿಸಲಾಗದು. ಅದರ ಏರು 1.41 ಮತ್ತು 1.42 ಅಡಿಗಳ ಏರುಗಳ ನಡುವೆ, ಹೆಜ್ಜೆ ಇನ್ನೂ ಚಿಕ್ಕದಾದರೆ 1.414 ಮತ್ತು 1.415 ರ ಏರುಗಳ ನಡುವೆ ಸಿಕ್ಕಿಕೊಳ್ಳುತ್ತಾ ಹೋಗುತ್ತದೆ. ಆ ಸಂದು ಎಷ್ಟು ಬೇಕಾದರೂ ಕಿರಿದಾಗುವುದರಿಂದ ಬೇರೆ ಅನುಪಾತಕ್ಕೆ ಜಾಗ ಉಳಿಯುವುದಿಲ್ಲ.

ಈಗ ಬಡಗಿಯ ಲೆಕ್ಕಕ್ಕೆ ಬರೋಣ. ಕೊಟ್ಟಿಗೆಯ ಗೋಡೆಯಿಂದ ನೆತ್ತಿಯ ನೇರಕ್ಕೆ ಅಡ್ಡಳತೆ 6 ಅಡಿ, ಏರು 4 ಅಡಿ. ಪೈಥಾಗೊರಸ್ ಪ್ರಮೇಯದಂತೆ ಪಕ್ಕಾಸು √52, ಅಂದರೆ ಸುಮಾರು 7.21 ಅಡಿ. ಮನೆಯ ಅಡ್ಡಳತೆ 15 ಅಡಿ, ಏರು 10 ಅಡಿ, ಪಕ್ಕಾಸು √325, ಸುಮಾರು 18.03 ಅಡಿ. ಭಾಗಿಸಿ ನೋಡಿದರೆ ಎರಡರಲ್ಲಿಯೂ ಸೈನ್ 0.555, ಕೊಸೈನ್ 0.832, ಟ್ಯಾಂಜೆಂಟ್ 0.667, ಕೋನ ಸುಮಾರು 33.7 ಡಿಗ್ರಿ. ಮನೆಯ ಮಾಡು ಎಲ್ಲ ಕಡೆಯಿಂದಲೂ ಕೊಟ್ಟಿಗೆಯ ಎರಡೂವರೆ ಪಟ್ಟು, ಅಷ್ಟೆ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಬಗೆಯೊಂದಿದೆ. ಕೊಟ್ಟಿಗೆಯ ಅಳತೆಯನ್ನು ಮಾತ್ರ ಕೊಟ್ಟು 15 ಅಡಿಗೆ ಏರು ಎಷ್ಟೆಂದು ಕೇಳಿದರೆ ಕೆಲವರು 13 ಎಂದು ಬರೆಯುತ್ತಾರೆ. ಅಡ್ಡಳತೆ 6 ರಿಂದ 15 ಕ್ಕೆ ಹೋಯಿತು, 9 ಹೆಚ್ಚಾಯಿತು, ಆದ್ದರಿಂದ ಏರಿಗೂ 9 ಸೇರಿಸಿದ್ದೇನೆ ಎಂಬುದು ಅವರ ಸಮರ್ಥನೆ. ಹಾಗೆ ಕಟ್ಟಿದ ಮಾಡಿನ ಕೋನ ಸುಮಾರು 41 ಡಿಗ್ರಿಯಾಗುತ್ತದೆ. ಅನುಪಾತವನ್ನು ಕಾಯುವುದು ಗುಣಾಕಾರವೇ ಹೊರತು ಸಂಕಲನವಲ್ಲ ಎಂದು ಹಲಗೆಯ ಮೇಲೆ ಬರೆಯುವುದಕ್ಕಿಂತ ಎರಡು ಚಿತ್ರಗಳನ್ನು ಪಕ್ಕಪಕ್ಕ ಬಿಡಿಸಿ ತೋರಿಸುವುದು ಬೇಗ ನಾಟುತ್ತದೆ.

ಇನ್ನೊಂದು ತಪ್ಪು ಸೂಕ್ಷ್ಮವಾದದ್ದು. ಅದು ನನ್ನಿಂದಲೇ ಒಮ್ಮೆ ಆಗಿದೆ. ಪಕ್ಕಾಸು ಗೋಡೆಗೆ ಮುಗಿಯುವುದಿಲ್ಲ, ಮಳೆನೀರು ಗೋಡೆಗೆ ಬಡಿಯದಂತೆ ಸೂರಾಗಿ ಹೊರಚಾಚಿರುತ್ತದೆ. ಮನೆಯ ಪಕ್ಕಾಸು ಓರೆಯಳತೆಯಲ್ಲಿ 2 ಅಡಿ ಹೊರಚಾಚಿದೆ ಎಂದುಕೊಂಡರೆ ಮರದ ಪೂರ್ತಿ ಉದ್ದ 20 ಅಡಿ. ಅದನ್ನೇ ವಿಕರ್ಣವೆಂದು ಹಿಡಿದು ಏರನ್ನೂ ಅಡ್ಡಳತೆಯನ್ನೂ ಗೋಡೆಯಿಂದ ಅಳೆದರೆ ಸೈನ್ 10/20, ಅಂದರೆ 30 ಡಿಗ್ರಿ ಎನ್ನುತ್ತದೆ. ಕೊಸೈನ್ 15/20, ಅಂದರೆ ಸುಮಾರು 41 ಡಿಗ್ರಿ ಎನ್ನುತ್ತದೆ. ಟ್ಯಾಂಜೆಂಟ್ ಮಾತ್ರ 33.7 ಡಿಗ್ರಿಯಲ್ಲೇ ನಿಂತಿರುತ್ತದೆ. ಮೂರು ಅನುಪಾತಗಳು ಮೂರು ಕೋನ ಹೇಳಿದರೆ ಮೂರು ಅಳತೆಗಳು ಒಂದೇ ಲಂಬಕೋನ ತ್ರಿಭುಜದವಲ್ಲ ಎಂದೇ ತಿಳಿಯಬೇಕು. ಸೈನ್ ಮತ್ತು ಕೊಸೈನ್‌ಗಳ ವರ್ಗಗಳನ್ನು ಕೂಡಿದರೂ ಗೊತ್ತಾಗುತ್ತದೆ: 1 ಬರಬೇಕಾದಲ್ಲಿ 0.81 ಬರುತ್ತದೆ.

ನೋಟ್‌ಬುಕ್‌ನಲ್ಲಿ ಚಿತ್ರ ಬರೆದು ಅಳೆಯುವಾಗ ಚಿಕ್ಕ ತ್ರಿಭುಜದ ಸೈನ್ ಸ್ವಲ್ಪ ಬೇರೆ ಬರುವುದುಂಟು. 2 ಸೆಂಟಿಮೀಟರ್ ಏರನ್ನು ಅಳೆಯುವಾಗ ಆಗುವ ಒಂದು ಮಿಲಿಮೀಟರ್ ತಪ್ಪು ಶೇಕಡಾ 5 ರಷ್ಟು. 10 ಸೆಂಟಿಮೀಟರ್ ಏರಿನಲ್ಲಿ ಅದೇ ತಪ್ಪು ಶೇಕಡಾ 1 ಮಾತ್ರ. ಗಾತ್ರದೊಂದಿಗೆ ಬದಲಾದದ್ದು ಅಳತೆಯ ತಪ್ಪಿನ ಪಾಲು, ಅನುಪಾತವಲ್ಲ.

ಸೈನ್ ಎಂಬುದು ಮೊದಲಿನಿಂದಲೂ ಅನುಪಾತವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬಹುದು. ಆರ್ಯಭಟನ ಕೋಷ್ಟಕದಲ್ಲಿ ಅದು ಅರ್ಧಜ್ಯಾ, ಅಂದರೆ 3438 ತ್ರಿಜ್ಯದ ವೃತ್ತದಲ್ಲಿ ಅಳೆದ ಒಂದು ಉದ್ದ. 30 ಡಿಗ್ರಿಗೆ ಆ ಉದ್ದ 1719. ಬೇರೆ ತ್ರಿಜ್ಯ ತೆಗೆದುಕೊಂಡರೆ ಸಂಖ್ಯೆಯೂ ಬೇರೆ. 1719 ನ್ನು 3438 ರಿಂದ ಭಾಗಿಸಿ ಅರ್ಧವೆಂದು ಬರೆದಾಗ ವೃತ್ತದ ಗಾತ್ರ ಮರೆಯಾಗುತ್ತದೆ. ಇರುವೆಯ ಲೆಕ್ಕದಲ್ಲಿ n ಹೊಡೆದುಹೋದಂತೆಯೇ.

ಇಡೀ ವಾದ ನಿಂತಿರುವುದು ಅಡ್ಡಗೆರೆಗಳು ಸಮಾಂತರ ಎಂಬುದರ ಮೇಲೆ, ಅಂದರೆ ಸಮತಲದ ಮೇಲೆ. ಗೋಳದ ಮೈಮೇಲೆ ಅಂತಹ ಸಮಾಂತರ ರೇಖೆಗಳಿಲ್ಲ. ಅಲ್ಲಿ ತ್ರಿಭುಜ ಹಿಗ್ಗಿದಂತೆ ಕೋನಗಳ ಮೊತ್ತ 180 ಡಿಗ್ರಿಗಿಂತ ಮೇಲೇರುತ್ತದೆ. ಕೋನಗಳು ಸಮವಾಗಿಯೂ ಗಾತ್ರ ಬೇರೆಯಾಗಿಯೂ ಇರುವ ಎರಡು ತ್ರಿಭುಜಗಳು ಒಂದೇ ಗೋಳದ ಮೇಲೆ ಸಿಗುವುದಿಲ್ಲ. ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಅಷ್ಟು ದೊಡ್ಡ ತ್ರಿಭುಜವನ್ನು ಭೂಮಿಯ ಮೇಲೆ ಎಳೆದರೆ ಈ ಹೆಚ್ಚಳ ಸುಮಾರು 21 ಸೆಕೆಂಡ್, ಅಂದರೆ ಒಂದು ಡಿಗ್ರಿಯ 3,600 ಭಾಗಗಳಲ್ಲಿ 21 ಭಾಗ. ದೊಡ್ಡ ಪ್ರದೇಶದ ಸರ್ವೆ ಮಾಡುವವರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಬಡಗಿಯ ಮೂಲೆಮಟ್ಟಕ್ಕೆ ಅದು ಕಾಣಿಸುವುದೇ ಇಲ್ಲ.