‘ಸಿಂಹಗಳಂತೆ ಎದ್ದೇಳಿ’ ಅಂದರೆ ಹೊಡೆದಾಟಕ್ಕೆ ಕರೆಯೇ?

ಓದುಗರ ಪ್ರಶ್ನೆ: ಷೆಲ್ಲಿಯ ‘ದಿ ಮಾಸ್ಕ್ ಆಫ್ ಅನಾರ್ಕಿ’ ಕವಿತೆಯ ಕೊನೆಯಲ್ಲಿ ‘ಸಿಂಹಗಳಂತೆ ಎದ್ದೇಳಿ’ ಅನ್ನುವ ಸಾಲು ಬರುತ್ತದೆ. ಇದು ಜನರಿಗೆ ಕತ್ತಿ ಹಿಡಿಯಿರಿ ಅಂತ ಹೇಳಿದ ಹಾಗಲ್ವಾ? ಹಾಗಿದ್ದರೂ ಇದನ್ನು ಅಹಿಂಸೆಯ ಕವಿತೆ ಅಂತ ಯಾಕೆ ಕರೆಯುತ್ತಾರೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಪ್ರತಿ ಸಲವೂ ಅದೇ ಐದು ಸಾಲುಗಳನ್ನು ಕಳಿಸುತ್ತಾರೆ. ತೊಂದರೆ ಇರುವುದು ಅಲ್ಲೇ. ಕವಿತೆಯಲ್ಲಿ ತೊಂಬತ್ತೊಂದು ಪದ್ಯಗಳಿವೆ. ಭಿತ್ತಿಪತ್ರದ ಮೇಲೆ ಬರುವುದು ಕೊನೆಯ ಒಂದೇ ಪದ್ಯ: ನಿದ್ದೆಯಿಂದ ಎದ್ದ ಸಿಂಹಗಳಂತೆ ಏಳಿ, ನಿದ್ದೆಯಲ್ಲಿ ನಿಮ್ಮ ಮೇಲೆ ಬಿದ್ದ ಸಂಕೋಲೆಗಳನ್ನು ಇಬ್ಬನಿಯಂತೆ ಕೊಡವಿ ಹಾಕಿ, ನೀವು ಬಹಳ ಮಂದಿ, ಅವರು ಕೆಲವೇ ಮಂದಿ. ಇಷ್ಟನ್ನೇ ಓದಿದರೆ ಹಲ್ಲು, ಉಗುರು, ರಕ್ತ ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಈ ಸಾಲುಗಳ ಹಿಂದೆ ಒಂದು ದಿನ ಇದೆ. ಆ ದಿನ ಏನಾಯಿತು ಅಂತ ತಿಳಿದ ಮೇಲೆ ಸಿಂಹ ಬೇರೆಯೇ ಪ್ರಾಣಿ ಆಗಿಬಿಡುತ್ತದೆ.

1819ರ ಆಗಸ್ಟ್ 16, ಸೋಮವಾರ. ಮ್ಯಾಂಚೆಸ್ಟರ್‌ನ ಸೇಂಟ್ ಪೀಟರ್ಸ್ ಫೀಲ್ಡ್ ಅನ್ನುವ ಬಯಲಿನಲ್ಲಿ ಸುಮಾರು 60,000 ಜನ ಸೇರಿದ್ದರು. ಅವರ ಬೇಡಿಕೆ ಮತದಾನದ ಹಕ್ಕು, ಸಂಸತ್ತಿನ ಸುಧಾರಣೆ. ಆಗ ಮ್ಯಾಂಚೆಸ್ಟರ್‌ನಂಥ ದೊಡ್ಡ ಗಿರಣಿ ಊರಿಗೆ ತನ್ನದೇ ಆದ ಒಬ್ಬ ಸಂಸದನೂ ಇರಲಿಲ್ಲ. ಹೆಚ್ಚುಕಡಿಮೆ ಪಾಳುಬಿದ್ದಿದ್ದ ಓಲ್ಡ್ ಸಾರಂ ಅನ್ನುವ ಜಾಗಕ್ಕೆ ಮಾತ್ರ ಇಬ್ಬರಿದ್ದರು. ಸುತ್ತಲಿನ ಹಳ್ಳಿಗಳಿಂದ ನೇಕಾರರು, ಕೂಲಿಯವರು ಭಾನುವಾರದ ಒಳ್ಳೆ ಬಟ್ಟೆ ಹಾಕಿಕೊಂಡು, ಹೆಂಗಸರು ಮಕ್ಕಳ ಜೊತೆ, ಬಾವುಟ ಹಿಡಿದು ಸಾಲಾಗಿ ನಡೆದು ಬಂದರು. ಬಿಳಿ ಬಟ್ಟೆ ಉಟ್ಟ ಹೆಂಗಸರು ತುಂಬಾ ಇದ್ದರು. ಆಯುಧ ತರಬೇಡಿ ಅಂತ ಸಂಘಟಕರು ಮೊದಲೇ ಹೇಳಿದ್ದರು. ಶಿಸ್ತಾಗಿ ನಡೆಯಬೇಕು, ನಮ್ಮನ್ನು ಯಾರೂ ಪುಂಡರ ಗುಂಪು ಅನ್ನಬಾರದು ಅಂತ ಅವರು ಹಿಂದಿನ ವಾರಗಳಲ್ಲಿ ಬಯಲುಗಳಲ್ಲಿ ಕವಾಯತು ಬೇರೆ ಮಾಡಿದ್ದರು. ಅಧಿಕಾರಿಗಳಿಗೆ ಆ ಶಿಸ್ತೇ ಸೈನ್ಯದ ತಯಾರಿಯಂತೆ ಕಂಡಿತು.

ಬಯಲಿನ ಅಂಚಿನ ಮನೆಯೊಂದರ ಕಿಟಕಿಯಿಂದ ನೋಡುತ್ತಿದ್ದ ಮ್ಯಾಜಿಸ್ಟ್ರೇಟರು ಭಾಷಣಕಾರ ಹೆನ್ರಿ ಹಂಟ್‌ನನ್ನು ಬಂಧಿಸಲು ಆದೇಶ ಕೊಟ್ಟರು. ಬಂಧಿಸುವವರ ನೆರವಿಗೆ ಯೋಮನ್ರಿ ಅನ್ನುವ ಸ್ಥಳೀಯ ಕುದುರೆ ಪಡೆ ಜನರ ನಡುವೆ ನುಗ್ಗಿತು. ಇವರು ವೃತ್ತಿಯ ಸೈನಿಕರಲ್ಲ. ಅದೇ ಊರಿನ ಅಂಗಡಿಯವರು, ವ್ಯಾಪಾರಿಗಳು, ಗಿರಣಿ ಮಾಲೀಕರ ಕಡೆಯವರು. ಕುದುರೆಗಳು ಗುಂಪಿನಲ್ಲಿ ಸಿಕ್ಕಿಕೊಂಡಾಗ ಅವರು ಕತ್ತಿ ಬೀಸತೊಡಗಿದರು. ಆಮೇಲೆ ಹುಸಾರ್ ಎಂಬ ಖಾಯಂ ಸೇನೆಯ ಕುದುರೆ ದಳವನ್ನೂ ಒಳಗೆ ಕಳಿಸಿದರು. ಕನಿಷ್ಠ ಹದಿನೈದು ಜನ ಸತ್ತರು, ನೂರಾರು ಜನ ಗಾಯಗೊಂಡರು. ಸತ್ತವರಲ್ಲಿ ಎರಡು ವರ್ಷದ ಮಗುವೂ ಇತ್ತು. ಬಯಲಿನ ಕಡೆ ಓಡುತ್ತಿದ್ದ ಕುದುರೆಯೊಂದು ತಾಯಿಯ ಕೈಯಲ್ಲಿದ್ದ ಆ ಮಗುವನ್ನು ಕೆಡವಿತ್ತು. ನಾಲ್ಕು ವರ್ಷದ ಹಿಂದಿನ ವಾಟರ್ಲೂ ಯುದ್ಧದ ಹೆಸರನ್ನು ಬಯಲಿನ ಹೆಸರಿಗೆ ಸೇರಿಸಿ ಪತ್ರಿಕೆಯವರು ಇದನ್ನು ‘ಪೀಟರ್ಲೂ’ ಅಂದರು. ಸರ್ಕಾರ ಮ್ಯಾಜಿಸ್ಟ್ರೇಟರಿಗೆ ಕೃತಜ್ಞತೆ ಹೇಳಿತು.

ಷೆಲ್ಲಿ ಆಗ ಇಟಲಿಯ ಲಿವೋರ್ನೊ ಹತ್ತಿರ ಇದ್ದ. ಸುದ್ದಿ ಅವನಿಗೆ ಮುಟ್ಟಿದ್ದು ಸೆಪ್ಟೆಂಬರ್ 5ರಂದು. ಆ ತಿಂಗಳು ಮುಗಿಯುವ ಮೊದಲೇ ಕವಿತೆ ಬರೆದು ಲಂಡನ್ನಿಗೆ ಕಳಿಸಿಬಿಟ್ಟ.

ಈಗ ಸಿಂಹಕ್ಕೆ ಬರೋಣ. ಆ ಪದ್ಯ ಕವಿತೆಯಲ್ಲಿ ಎರಡು ಸಲ ಬರುತ್ತದೆ, ಒಮ್ಮೆ ನಡುವೆ, ಒಮ್ಮೆ ಕೊನೆಗೆ. ಎರಡರ ಮಧ್ಯೆ ಐವತ್ತಕ್ಕೂ ಹೆಚ್ಚು ಪದ್ಯಗಳಿವೆ. ಸಿಂಹ ಎದ್ದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಉತ್ತರ ಆ ಪದ್ಯಗಳಲ್ಲೇ ಇದೆ. ಅದನ್ನು ಓದದೆ ಸಿಂಹದ ಬಗ್ಗೆ ತೀರ್ಪು ಕೊಡಬೇಡಿ ಅಂತ ನಾನು ಎಲ್ಲರನ್ನೂ ಕೇಳಿಕೊಳ್ಳುವುದು.

ಮೊದಲು ಗುಲಾಮಗಿರಿ ಅಂದರೇನು ಅಂತ ಹೇಳುತ್ತಾನೆ. ದಿನದಿಂದ ದಿನಕ್ಕೆ ಜೀವ ಹಿಡಿದುಕೊಂಡಿರುವಷ್ಟೇ ಕೂಲಿಗೆ ದುಡಿಯುವುದು ಗುಲಾಮಗಿರಿ. ಮುಂದೆ, ರಕ್ತಕ್ಕೆ ರಕ್ತ, ಅನ್ಯಾಯಕ್ಕೆ ಅನ್ಯಾಯ ಕೊಡಬೇಕು ಅಂತ ಸೇಡಿಗೆ ಹಾತೊರೆಯುವುದನ್ನೂ ಅದೇ ಪಟ್ಟಿಗೆ ಸೇರಿಸುತ್ತಾನೆ. ಕೂಡಲೇ ಒಂದು ಸಾಲು: ನಿಮಗೆ ಬಲ ಬಂದಾಗ ನೀವು ಹಾಗೆ ಮಾಡಬೇಡಿ. ಗಮನಿಸಿ, ಸೇಡಿನ ಆಸೆಯೂ ಒಂದು ಸಂಕೋಲೆ. ಕೊಡವಿ ಹಾಕಬೇಕಾದ ಇಬ್ಬನಿಯಲ್ಲಿ ಅದೂ ಸೇರಿದೆ. ಇಷ್ಟು ನೇರವಾಗಿ ಬರೆದಿಟ್ಟಿದ್ದರೂ ಹೊಡೆದಾಟದ ಕವಿತೆ ಅನ್ನುವುದನ್ನು ಕೇಳಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಆಮೇಲೆ ದೊಡ್ಡ ಸಭೆಯೊಂದು ಸೇರಲಿ ಅನ್ನುತ್ತಾನೆ. ಎಲ್ಲಿ? ಇಂಗ್ಲೆಂಡಿನ ಯಾವುದಾದರೂ ವಿಶಾಲ ಬಯಲಿನಲ್ಲಿ. ಹೆಸರು ಹೇಳದಿದ್ದರೂ ಆ ಬಯಲು ಯಾವುದು ಅಂತ ಆಗಿನ ಯಾವ ಓದುಗನಿಗೂ ಗೊತ್ತಾಗುತ್ತಿತ್ತು. ಕುದುರೆ ಸವಾರರು ಮತ್ತೆ ಬರಲಿ, ಕತ್ತಿ ಮತ್ತೆ ಬೀಸಲಿ, ನೀವು ಮಾತ್ರ ದಟ್ಟವಾದ, ಸದ್ದಿಲ್ಲದ ಕಾಡಿನ ಹಾಗೆ ನಿಲ್ಲಿ, ಕೈ ಕಟ್ಟಿ ನಿಲ್ಲಿ ಅನ್ನುತ್ತಾನೆ. ಕಾಡು ಅನ್ನುವುದು ಸುಮ್ನೆ ಅಂದಕ್ಕೆ ಬಂದ ಹೋಲಿಕೆ ಅಲ್ಲ. ಬಯಲುಗಳಲ್ಲಿ ಕವಾಯತು ಮಾಡಿ ಸಾಲಾಗಿ ಬಂದು ನಿಂತ ಜನ ನೆನಪಿಗೆ ಬರುತ್ತಾರೆ. ಮ್ಯಾಜಿಸ್ಟ್ರೇಟರಿಗೆ ಸೈನ್ಯದಂತೆ ಕಂಡದ್ದು ಕವಿಗೆ ಮರಗಳಂತೆ ಕಾಣುತ್ತದೆ.

ಇದರ ಹತ್ತಿರವೇ ನನಗೆ ತುಂಬಾ ಇಷ್ಟವಾದ ಸಾಲಿದೆ. ಅವರು ಕೊಲ್ಲುತ್ತಿರುವಾಗ ಅವರನ್ನು ದಿಟ್ಟಿಸಿ ನೋಡಿ, ಸ್ವಲ್ಪವೇ ಭಯದಿಂದ, ಅದಕ್ಕಿಂತ ಕಡಿಮೆ ಆಶ್ಚರ್ಯದಿಂದ. ಭಯ ಕಡಿಮೆ ಇರಲಿ ಅನ್ನುವುದು ಅರ್ಥವಾಗುತ್ತದೆ. ಆಶ್ಚರ್ಯ ಇನ್ನೂ ಕಡಿಮೆ ಇರಲಿ ಅಂದರೆ? ಘಟನೆ ಗೊತ್ತಿಲ್ಲದವರಿಗೆ ಈ ಪದ ಪ್ರಾಸಕ್ಕೆ ಸಿಕ್ಕಿಸಿದ ಹಾಗೆ ಕಾಣುತ್ತದೆ. ಗೊತ್ತಿದ್ದರೆ ಎದೆಗೆ ನಾಟುತ್ತದೆ. ಆಗಸ್ಟ್ 16ರಂದು ಜನ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ತಮ್ಮ ಮೇಲೆ ಕತ್ತಿ ಬೀಸುತ್ತಾರೆ ಅಂತ ಅವರು ಎಣಿಸಿರಲಿಲ್ಲ. ಇನ್ನೊಂದು ಸಲ ಬರುವವರಿಗೆ ಅದು ಗೊತ್ತಿರುತ್ತದೆ, ಗೊತ್ತಿದ್ದೂ ಬರುತ್ತಾರೆ. ಎಚ್ಚರಗೊಂಡ ಸಿಂಹ ಅಂದರೆ ಇದು. ಆಶ್ಚರ್ಯ ಕಳೆದುಕೊಂಡ ಜನ.

ಹಾಗೆ ನಿಂತರೆ ಏನಾಗುತ್ತದೆ? ಕೊಂದವರು ನಾಚಿಕೆಯಿಂದ ಬಂದ ಜಾಗಕ್ಕೆ ವಾಪಸ್ ಹೋಗುತ್ತಾರೆ, ಸುರಿಸಿದ ರಕ್ತ ಅವರ ಕೆನ್ನೆಯ ಮೇಲೆ ಕೆಂಪಾಗಿ ಮಾತಾಡುತ್ತದೆ, ನಾಡಿನ ಪ್ರತಿ ಹೆಣ್ಣೂ ಅವರತ್ತ ಬೆರಳು ತೋರಿಸುತ್ತಾಳೆ, ಬೀದಿಯಲ್ಲಿ ಪರಿಚಯದವರು ಎದುರಾದರೆ ನಮಸ್ಕಾರ ಹೇಳಲೂ ಅವರಿಗೆ ಧೈರ್ಯ ಬರುವುದಿಲ್ಲ. ಇದು ಕವಿಯ ಮುಗ್ಧತೆ, ಕೊಲ್ಲುವವನಿಗೆ ಎಲ್ಲಿಯ ನಾಚಿಕೆ ಅಂತ ಕೇಳುವವರಿದ್ದಾರೆ. ಆದರೆ ಕತ್ತಿ ಬೀಸಿದವರು ಯಾರು ಅಂತ ನೆನಪಿಸಿಕೊಳ್ಳಿ. ದೂರದ ನಾಡಿನಿಂದ ಬಂದ ಸೈನ್ಯ ಅಲ್ಲ, ಅದೇ ಊರಿನ ಅಂಗಡಿಯವರು. ಅವರು ಮಾರನೆಯ ದಿನ ಅದೇ ಬೀದಿಯಲ್ಲಿ ಬಾಗಿಲು ತೆರೆಯಬೇಕು. ಗಾಯಗೊಂಡವರ ಮನೆಯವರು ಅವರ ಮುಖ ನೋಡುತ್ತಾರೆ. ‘ಪರಿಚಯದವರು’ ಅನ್ನುವ ಪದ ಅಷ್ಟು ನಿಖರವಾಗಿ ಬಿದ್ದಿರುವುದು ಅದಕ್ಕೇ. ಯುದ್ಧದಲ್ಲಿ ಅಪಾಯ ಕಂಡ ನಿಜವಾದ ಸೈನಿಕರು ಇಂಥವರ ಸಹವಾಸಕ್ಕೆ ನಾಚಿ ಜನರ ಕಡೆ ತಿರುಗುತ್ತಾರೆ ಅಂತಲೂ ಮುಂದಿನ ಪದ್ಯ ಹೇಳುತ್ತದೆ. ಯೋಮನ್ರಿಗೂ ಹುಸಾರರಿಗೂ ಇದ್ದ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಇದೂ ಬರೀ ಆಸೆಯ ಮಾತಾಗಿ ಕಾಣುತ್ತದೆ. ಹುಸಾರರಲ್ಲಿ ವಾಟರ್ಲೂನಲ್ಲಿ ಹೋರಾಡಿದವರಿದ್ದರು. ಅವರ ಅಧಿಕಾರಿಯೊಬ್ಬ ಜನರನ್ನು ಕಡಿಯುತ್ತಿದ್ದ ಯೋಮನ್ರಿಯವರನ್ನು ತಡೆಯಲು ನೋಡಿದ ಅಂತ ಕಂಡವರು ಹೇಳಿದ್ದಾರೆ.

ಹಾಗಂತ ಕವಿತೆಯಲ್ಲಿ ಹಿಂಸೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮೊದಲ ಭಾಗದಲ್ಲಿ ರಕ್ತ ಚಿಮ್ಮಿದ ಬಿಳಿ ಕುದುರೆಯ ಮೇಲೆ ಅರಾಜಕತೆ ಬರುತ್ತಾನೆ. ತಲೆಯ ಮೇಲೆ ಕಿರೀಟ. ಹಣೆಯ ಮೇಲೆ ‘ನಾನೇ ದೇವರು, ನಾನೇ ರಾಜ, ನಾನೇ ಕಾನೂನು’ ಅಂತ ಬರೆದಿದೆ. ಶೀರ್ಷಿಕೆಯ ಅರಾಜಕತೆ ಜನರ ಗಲಾಟೆ ಅಂದುಕೊಂಡವರು ಈ ಹಣೆಬರಹ ಓದಿದರೆ ಸಾಕು. ಭರವಸೆ ಎಂಬ ಹುಡುಗಿ ಆ ಕುದುರೆಗಳ ಕಾಲಿನ ಮುಂದೆ ಬೀದಿಯಲ್ಲಿ ಮಲಗಿಬಿಡುತ್ತಾಳೆ. ಆಗ ಮಂಜಿನಿಂದ ಒಂದು ಆಕೃತಿ ಏಳುತ್ತದೆ, ಅರಾಜಕತೆ ಸತ್ತು ಬೀಳುತ್ತಾನೆ, ಕುದುರೆ ಓಡುತ್ತಾ ಹಿಂದೆ ಬಂದ ಕೊಲೆಗಾರರನ್ನು ತುಳಿದು ಪುಡಿ ಮಾಡುತ್ತದೆ. ಇದು ಹಿಂಸೆಯೇ. ಆದರೆ ತುಳಿಯುವುದು ಅವರದೇ ಕುದುರೆ. ಜನ ಒಂದು ಕಲ್ಲನ್ನೂ ಎತ್ತಿರುವುದಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಜಾಸ್ತಿ ಕಾಡುತ್ತದೆ. ಪೀಟರ್ಲೂ ಗಾಯ ಹಸಿಯಾಗಿದ್ದಾಗ ಈ ಕವಿತೆಯನ್ನು ಓದಿದವರೆಷ್ಟು? ಹೆಚ್ಚುಕಡಿಮೆ ಯಾರೂ ಇಲ್ಲ. ಷೆಲ್ಲಿ ಅದನ್ನು ಕಳಿಸಿದ್ದು ಗೆಳೆಯ ಲೀ ಹಂಟ್‌ಗೆ. ಬಯಲಿನ ಹೆನ್ರಿ ಹಂಟ್ ಬೇರೆ, ಇವನು ಬೇರೆ. ಈತ ಪತ್ರಿಕೆಯ ಸಂಪಾದಕ. ರಾಜಪ್ರತಿನಿಧಿಯ ಬಗ್ಗೆ ಬರೆದದ್ದಕ್ಕೆ ಅವನು ಆಗಲೇ ಎರಡು ವರ್ಷ ಜೈಲಿನಲ್ಲಿದ್ದು ಬಂದಿದ್ದ. ಕವಿತೆಯಲ್ಲಿ ಮಂತ್ರಿಗಳ ಹೆಸರುಗಳೇ ಇದ್ದವು: ಕೊಲೆ ಕ್ಯಾಸಲ್‌ರೇಯ ಮುಖವಾಡ ಹಾಕಿಕೊಂಡಿದ್ದಾನೆ, ವಂಚನೆ ಎಲ್ಡನ್‌ನಂತೆ ನಿಲುವಂಗಿ ತೊಟ್ಟಿದ್ದಾನೆ. ಅದೇ ಡಿಸೆಂಬರ್‌ನಲ್ಲಿ ಸರ್ಕಾರ ಆರು ಕಾಯ್ದೆಗಳನ್ನು ತಂದು ಸಭೆ, ಕವಾಯತು, ಪತ್ರಿಕೆ ಎಲ್ಲದರ ಕತ್ತು ಹಿಸುಕಿತು. ಹಂಟ್ ಹಸ್ತಪ್ರತಿಯನ್ನು ಎತ್ತಿಟ್ಟ.

ಷೆಲ್ಲಿ 1822ರಲ್ಲಿ ಸಮುದ್ರದಲ್ಲಿ ಮುಳುಗಿ ಸತ್ತ. ಕವಿತೆ ಅಚ್ಚಾಗಿದ್ದು 1832ರಲ್ಲಿ. ಜನರಲ್ಲಿ ಇದರ ಪ್ರಾಮಾಣಿಕತೆಯನ್ನು ಸರಿಯಾಗಿ ಅರಿಯುವ ವಿವೇಚನೆ ಆಗ ಇನ್ನೂ ಬೆಳೆದಿಲ್ಲ ಅನ್ನಿಸಿತ್ತು, ಅದಕ್ಕೆ ಅಚ್ಚು ಹಾಕಲಿಲ್ಲ ಅಂತ ಹಂಟ್ ಮುನ್ನುಡಿಯಲ್ಲಿ ಬರೆದ. ಅಂದರೆ ಸಿಂಹವನ್ನು ತಪ್ಪಾಗಿ ಓದುತ್ತಾರೆ ಅನ್ನುವ ಭಯ ಕವಿತೆಯ ಮೊದಲ ಓದುಗನಿಗೇ ಇತ್ತು. ಸುಧಾರಣಾ ಕಾಯ್ದೆ ಬಂದದ್ದೂ ಅದೇ 1832ರಲ್ಲಿ. ಆ ಕಾಯ್ದೆಯಿಂದ ಮ್ಯಾಂಚೆಸ್ಟರ್‌ಗೆ ಇಬ್ಬರು ಸಂಸದರು ಸಿಕ್ಕರು. ಬಯಲಿಗೆ ನಡೆದು ಬಂದಿದ್ದ ನೇಕಾರರಲ್ಲಿ ಬಹುಪಾಲು ಜನರಿಗೆ ಮತ ಮಾತ್ರ ಆಗಲೂ ಸಿಗಲಿಲ್ಲ.